ದಡದ ಕೆಂಪು ಗೆರೆ: ಉಪಗ್ರಹಚಿತ್ರದ ತೀಕ್ಷ್ಣೀಕರಣವೂ ಬಣ್ಣದ ಪರೀಕ್ಷೆಯೂ

ಇಚಲಕರಂಜಿಯ ಪಕ್ಕದಲ್ಲಿ ಹರಿಯುವ ಪಂಚಗಂಗೆಯ ಉಪಗ್ರಹಚಿತ್ರವನ್ನು ತೀಕ್ಷ್ಣಗೊಳಿಸಿ ನೋಡಿದವರಿಗೆ ಕೆಲವೊಮ್ಮೆ ಒಂದು ವಿಚಿತ್ರ ನೋಟ ಕಾಣಿಸುತ್ತದೆ. ನೀರಿನ ಅಂಚಿಗೆ ಅಂಟಿಕೊಂಡಂತೆ ಕೆಂಪು ಛಾಯೆಯ ತೆಳುವಾದ ಗೆರೆಯೊಂದು ದಡದುದ್ದಕ್ಕೂ ಸಾಗಿರುತ್ತದೆ. ಊರು ಮಗ್ಗಗಳ ಊರು. ಬಟ್ಟೆಗೆ ಬಣ್ಣ ಹಾಕುವ ಉದ್ಯಮವೂ ಅಲ್ಲಿದೆ. ನದಿಯ ಮಾಲಿನ್ಯವು ಬಹುಕಾಲದಿಂದ ಸಾರ್ವಜನಿಕ ದೂರಿನ ವಿಷಯವಾಗಿದೆ. ಹೀಗಿರುವಾಗ ಆ ಗೆರೆಯನ್ನು ಕಂಡವರು ಬಣ್ಣದ ನೀರು ನದಿಗೆ ಸೇರುತ್ತಿರುವುದಕ್ಕೆ ಆಕಾಶದಿಂದಲೇ ಸಾಕ್ಷಿ ದೊರೆಯಿತೆಂದು ತೀರ್ಮಾನಿಸುವುದು ಸಹಜ. ಆದರೆ ಆ ಕೆಂಪು ನದಿಯಲ್ಲಿ ಇಲ್ಲದೆಯೂ ಚಿತ್ರದಲ್ಲಿ ಇರಬಲ್ಲದು. ಅದು ಎಲ್ಲಿಂದ ಬಂತೆಂಬುದನ್ನು ತಿಳಿಯಬೇಕಾದರೆ ಚಿತ್ರವು ತೀಕ್ಷ್ಣವಾದ ಬಗೆಯನ್ನು ತಿಳಿಯಬೇಕು.

ಉಪಗ್ರಹವು ನೆಲವನ್ನು ಚೌಕಚೌಕವಾಗಿ ಅಳೆಯುತ್ತದೆ. 2013ರ ಫೆಬ್ರವರಿಯಲ್ಲಿ ಉಡಾವಣೆಗೊಂಡ ಲ್ಯಾಂಡ್‌ಸ್ಯಾಟ್ 8 ಉಪಗ್ರಹದ ನೀಲಿ, ಹಸಿರು, ಕೆಂಪು ಮತ್ತು ಅವಕೆಂಪು ಪಟ್ಟಿಗಳಲ್ಲಿ ಒಂದು ಚೌಕದ ಬದಿ 30 ಮೀಟರು. ನಮ್ಮ ಕಡೆಯ ಅಳತೆಯಲ್ಲಿ ಹೇಳುವುದಾದರೆ ಅದು ಹೆಚ್ಚುಕಡಿಮೆ 9 ಗುಂಟೆ. ಆ 9 ಗುಂಟೆಯೊಳಗೆ ಕಬ್ಬು, ಬದು, ಬಾವಿ, ಕಾಲುದಾರಿ ಏನೇ ಇರಲಿ, ಉಪಗ್ರಹಕ್ಕೆ ಕಾಣುವುದು ಎಲ್ಲವೂ ಬೆರೆತ ಒಂದೇ ಬಣ್ಣ. ಅದೇ ಉಪಗ್ರಹದಲ್ಲಿ ಇನ್ನೊಂದು ಪಟ್ಟಿಯಿದೆ. ಅದರ ಚೌಕದ ಬದಿ 15 ಮೀಟರು, ಎಂದರೆ ಎರಡು ಗುಂಟೆಗೆ ತುಸು ಹೆಚ್ಚು. ಅದಕ್ಕೆ ಪ್ಯಾನ್‌ಕ್ರೊಮ್ಯಾಟಿಕ್ ಪಟ್ಟಿ ಎಂದು ಹೆಸರು. ಕನ್ನಡದಲ್ಲಿ ಸರ್ವವರ್ಣ ಪಟ್ಟಿ ಎನ್ನಬಹುದು. ಹೆಸರಿನಲ್ಲಿ ಸ್ವಲ್ಪ ಮೋಸವಿದೆ. ಎಲ್ಲ ಬಣ್ಣಗಳ ಬೆಳಕನ್ನೂ ಒಟ್ಟಿಗೆ ಹೀರುವುದೆಂದರೆ ಯಾವ ಬಣ್ಣವನ್ನೂ ಬೇರ್ಪಡಿಸದೆ ಇರುವುದು. ಆದ್ದರಿಂದ ಸರ್ವವರ್ಣ ಚಿತ್ರವು ನಮಗೆ ಕಾಣುವುದು ಕಪ್ಪುಬಿಳುಪಿನಲ್ಲಿ.

ಬಣ್ಣದ ಪಟ್ಟಿಗಳನ್ನೂ 15 ಮೀಟರಿನಲ್ಲೇ ಏಕೆ ತೆಗೆಯಬಾರದೆಂದು ಕೇಳಬಹುದು. ಕೆಂಪು ಪಟ್ಟಿಯೆಂದರೆ ಬೆಳಕಿನ ಒಂದು ಕಿರಿದಾದ ಸೀಳು. ಅದರೊಳಗೆ ಬಂದು ಬೀಳುವ ಬೆಳಕು ಅಲ್ಪ. ನಂಬಲರ್ಹವಾದ ಅಳತೆ ಸಿಗಬೇಕಾದರೆ ದೊಡ್ಡ ನೆಲದಿಂದ ಬೆಳಕನ್ನು ಕೂಡಿಸಬೇಕಾಗುತ್ತದೆ. ಸರ್ವವರ್ಣ ಪಟ್ಟಿಯ ಬಾಗಿಲು ಅಗಲವಾದದ್ದು. ಚಿಕ್ಕ ನೆಲದಿಂದಲೂ ಸಾಕಷ್ಟು ಬೆಳಕು ಒಳಗೆ ಬರುತ್ತದೆ. ಭಾರತದ ಐಆರ್‌ಎಸ್-1ಸಿ ಉಪಗ್ರಹವು 1995ರ ಡಿಸೆಂಬರಿನಲ್ಲಿ ಮೇಲೇರಿದಾಗಲೂ ಇದೇ ಹಂಚಿಕೆ ಇತ್ತು: ಬಣ್ಣಕ್ಕೆ 23.5 ಮೀಟರು, ಸರ್ವವರ್ಣಕ್ಕೆ 5.8 ಮೀಟರು.

ಒಂದರಲ್ಲಿ ಬಣ್ಣವಿದೆ, ರೇಖೆಯಿಲ್ಲ. ಇನ್ನೊಂದರಲ್ಲಿ ರೇಖೆಯಿದೆ, ಬಣ್ಣವಿಲ್ಲ. ಇವೆರಡನ್ನೂ ಕೂಡಿಸುವುದೇ ತೀಕ್ಷ್ಣೀಕರಣ. ಹಿಂದೆ ಸ್ಟುಡಿಯೋಗಳಲ್ಲಿ ಕಪ್ಪುಬಿಳುಪಿನ ಮದುವೆಯ ಫೋಟೋಗಳಿಗೆ ಕುಂಚದಿಂದ ಬಣ್ಣ ತುಂಬುತ್ತಿದ್ದ ಕೆಲಸಕ್ಕೂ ಇದಕ್ಕೂ ಹತ್ತಿರದ ಹೋಲಿಕೆಯಿದೆ. ಮುಖದ ಗೆರೆಗಳು ಫೋಟೋದವು. ಸೀರೆಯ ಕೆಂಪು ಕುಂಚದ್ದು. ಕುಂಚ ದಪ್ಪವಾದಷ್ಟೂ ಸೀರೆಯ ಕೆಂಪು ಕೈಯ ಮೇಲೂ ಹರಡುತ್ತಿತ್ತು. ಇಲ್ಲಿಯ ಕುಂಚದ ಅಗಲ 30 ಮೀಟರು.

ತೀಕ್ಷ್ಣೀಕರಣದ ವಿಧಾನಗಳು ಹಲವು. ಅತಿ ಸರಳವಾದದ್ದೂ ಇಂದಿಗೂ ಬಳಕೆಯಲ್ಲಿರುವುದೂ ಬ್ರೋವಿ ವಿಧಾನ. ಅದರ ನಡೆ ಹೀಗಿದೆ. ಮೊದಲು ಬಣ್ಣದ ಪಟ್ಟಿಗಳನ್ನು ತಕ್ಕ ತೂಕ ಕೊಟ್ಟು ಕೂಡಿಸಿ, ದೊಡ್ಡ ಚೌಕದ ಮಟ್ಟದಲ್ಲಿ ಒಂದು ಹುಸಿ ಸರ್ವವರ್ಣವನ್ನು ಕಟ್ಟಿಕೊಳ್ಳಬೇಕು. ನಿಜವಾದ ಸರ್ವವರ್ಣದ ಪ್ರತಿ ಸಣ್ಣ ಚೌಕದ ಬೆಲೆಯನ್ನು ಈ ಹುಸಿ ಬೆಲೆಯಿಂದ ಭಾಗಿಸಬೇಕು. ಬಂದ ಭಾಗಲಬ್ಧದಿಂದ ಎಲ್ಲ ಬಣ್ಣಗಳನ್ನೂ ಗುಣಿಸಬೇಕು. ಅಷ್ಟೇ. ಉಚಿತವಾಗಿ ದೊರೆಯುವ ಜಿಡಿಎಎಲ್ ತಂತ್ರಾಂಶದಲ್ಲಿ ಇದಕ್ಕೆ ಒಂದೇ ಸಾಲು ಸಾಕು:

```
gdal_pansharpen.py -w 0.5 -w 0.5 -w 0 B8.TIF B4.TIF B3.TIF B2.TIF panchganga_15m.tif
```

ಇಲ್ಲಿ `B8` ಸರ್ವವರ್ಣ ಪಟ್ಟಿ. `B4`, `B3`, `B2` ಅನುಕ್ರಮವಾಗಿ ಕೆಂಪು, ಹಸಿರು, ನೀಲಿ. `-w` ಎಂಬುದು ಹುಸಿ ಸರ್ವವರ್ಣದಲ್ಲಿ ಆಯಾ ಬಣ್ಣಕ್ಕೆ ಕೊಟ್ಟ ತೂಕ. ನೀಲಿಗೆ ಸೊನ್ನೆ ಕೊಟ್ಟದ್ದಕ್ಕೆ ಕಾರಣವಿದೆ. ಲ್ಯಾಂಡ್‌ಸ್ಯಾಟ್ 8ರ ಸರ್ವವರ್ಣ ಪಟ್ಟಿ 503ರಿಂದ 676 ನ್ಯಾನೊಮೀಟರಿನವರೆಗಿನ ಬೆಳಕನ್ನು ಮಾತ್ರ ಸ್ವೀಕರಿಸುತ್ತದೆ. ಅದರೊಳಗೆ ಬರುವುದು ಹಸಿರು ಮತ್ತು ಕೆಂಪು. ನೀಲಿ ಬಹುಮಟ್ಟಿಗೆ ಹೊರಗೇ ಉಳಿಯುತ್ತದೆ.

ಈಗ ಇಚಲಕರಂಜಿಯ ದಡಕ್ಕೆ ಬರೋಣ. 30 ಮೀಟರಿನ ಒಂದು ಚೌಕದ ಅರ್ಧ ಭಾಗ ನೀರಿನ ಮೇಲೆಯೂ ಉಳಿದರ್ಧ ಕಂದುಮಣ್ಣಿನ ದಡದ ಮೇಲೆಯೂ ಬಿದ್ದಿದೆಯೆಂದು ಇಟ್ಟುಕೊಳ್ಳೋಣ. ಲೆಕ್ಕಕ್ಕಾಗಿ ನೀರು ನೀಲಿಯಲ್ಲಿ 5, ಹಸಿರಿನಲ್ಲಿ 6, ಕೆಂಪಿನಲ್ಲಿ 4 ಶೇಕಡಾ ಬೆಳಕನ್ನು ಹಿಂದಿರುಗಿಸುತ್ತದೆ. ಮಣ್ಣು 7, 10, 16 ಶೇಕಡಾ ಹಿಂದಿರುಗಿಸುತ್ತದೆ. ಅರ್ಧಕ್ಕರ್ಧ ಬೆರೆತ ದೊಡ್ಡ ಚೌಕದಲ್ಲಿ ದಾಖಲಾಗುವುದು ನೀಲಿ 6, ಹಸಿರು 8, ಕೆಂಪು 10. ಹಸಿರು ಮತ್ತು ಕೆಂಪಿನ ಸರಾಸರಿಯಾದ ಹುಸಿ ಸರ್ವವರ್ಣ 9. ನಿಜವಾದ ಸರ್ವವರ್ಣ ಪಟ್ಟಿಯಾದರೋ ಸಣ್ಣ ಚೌಕಗಳನ್ನು ಬೇರೆ ಬೇರೆಯಾಗಿ ಕಾಣುತ್ತದೆ: ನೀರಿಗೆ 5, ಮಣ್ಣಿಗೆ 13.

ನೀರಿನ ಸಣ್ಣ ಚೌಕದ ಗುಣಕ 5ನ್ನು 9ರಿಂದ ಭಾಗಿಸಿದ್ದು, ಎಂದರೆ ಸುಮಾರು 0.56. ಅದರಿಂದ ಗುಣಿಸಿದಾಗ ದೊರೆಯುವ ಬಣ್ಣ: ನೀಲಿ 3.3, ಹಸಿರು 4.4, ಕೆಂಪು 5.6. ನಿಜವಾದ ನೀರಿನಲ್ಲಿ ಹಸಿರು ಎಲ್ಲಕ್ಕಿಂತ ಮೇಲಿತ್ತು, ಕೆಂಪು ಎಲ್ಲಕ್ಕಿಂತ ಕೆಳಗಿತ್ತು. ತೀಕ್ಷ್ಣಗೊಂಡ ನೀರಿನಲ್ಲಿ ಕೆಂಪೇ ಮೇಲಾಗಿದೆ. ನೀರು ಎಷ್ಟು ಕಪ್ಪಗಿರಬೇಕೋ ಅಷ್ಟು ಕಪ್ಪಗಾಯಿತು, ದಡದ ರೇಖೆ ಸ್ಪಷ್ಟವಾಯಿತು. ಆದರೆ ಆ ನೀರು ಹೊತ್ತಿರುವುದು ದಡದ ಮಣ್ಣಿನೊಡನೆ ಬೆರೆತ ಬಣ್ಣವನ್ನು. ಗೆರೆಯಾಗಿ ಕಂಡ ಕೆಂಪು ಇದೇ. ಜಿಡಿಎಎಲ್ ದೊಡ್ಡ ಚೌಕದ ಬಣ್ಣಗಳನ್ನು ನಯವಾಗಿ ಹರಡಿದ ಬಳಿಕವೇ ಗುಣಿಸುವುದರಿಂದ ಗೆರೆಯ ಅಂಚು ಮೆತ್ತಗಾಗುತ್ತದೆ, ಅಳಿಸಿಹೋಗುವುದಿಲ್ಲ.

ಹೊಸ ಚಿತ್ರವು ಹಳೆಯ ಚಿತ್ರಕ್ಕೆ ನಿಷ್ಠವಾಗಿದೆಯೇ ಎಂದು ನೋಡಲು ಹಲವರು ಮಾಡುವ ಪರೀಕ್ಷೆಯೊಂದಿದೆ: ತೀಕ್ಷ್ಣಗೊಂಡ ಸಣ್ಣ ಚೌಕಗಳ ಸರಾಸರಿ ತೆಗೆದು ಮೂಲದ ದೊಡ್ಡ ಚೌಕದೊಡನೆ ತಾಳೆ ನೋಡುವುದು. ಮೇಲಿನ ಉದಾಹರಣೆಯಲ್ಲಿ ಮಣ್ಣಿನ ಸಣ್ಣ ಚೌಕಕ್ಕೆ ಬರುವ ಕೆಂಪು 14.4. ಅದನ್ನೂ ನೀರಿನ 5.6ನ್ನೂ ಕೂಡಿಸಿ ಅರ್ಧ ಮಾಡಿದರೆ 10. ಮೂಲದಲ್ಲಿ ಇದ್ದದ್ದೂ 10. ಪರೀಕ್ಷೆ ನಿರಾತಂಕವಾಗಿ ಪಾಸಾಯಿತು, ನೀರು ಮಾತ್ರ ಕೆಂಪಾಗಿಯೇ ಉಳಿಯಿತು. ಒಟ್ಟು ಮೊತ್ತ ಸರಿಯಿದ್ದು ಒಳಗಿನ ಹಂಚಿಕೆ ತಪ್ಪಾದ ಖಾತೆಯಂತೆ ಇದು. ಈ ತಾಳೆಯಲ್ಲಿ ಸೋತ ಚಿತ್ರವನ್ನು ಬಿಡಬೇಕೆಂಬುದು ನಿಜ. ಗೆದ್ದ ಚಿತ್ರವನ್ನು ನಂಬಬೇಕೆಂಬುದಕ್ಕೆ ಅದು ಆಧಾರವಾಗದು.

ಹಾಗಾದರೆ ಗೆರೆಯು ಬಣ್ಣದ ನೀರೋ ಲೆಕ್ಕದ ನೆರಳೋ ಎಂದು ಅರಿಯುವ ಬಗೆ ಯಾವುದು? ಮೂರು ಕಡೆ ಕಣ್ಣು ಹಾಯಿಸಬೇಕು. ಮೊದಲನೆಯದಾಗಿ ಗೆರೆಯ ಅಗಲ. ಬೆರಕೆಯಿಂದ ಹುಟ್ಟಿದ ಗೆರೆ ದಡದಿಂದ ಒಂದು ದೊಡ್ಡ ಚೌಕದ ಆಸುಪಾಸಿನಲ್ಲೇ ನಿಲ್ಲುತ್ತದೆ. ಹೊರಗಿನಿಂದ ಸೇರಿದ ನೀರಾದರೆ ಹರಿವಿನೊಡನೆ ಕೆಳಗೆ ಸಾಗುತ್ತ ಹರಡಬೇಕು, ತೆಳುವಾಗುತ್ತ ಹೋಗಬೇಕು. ಎರಡನೆಯದಾಗಿ ಗೆರೆಯ ಆರಂಭ. ಪಟ್ಟಣಕ್ಕಿಂತ ಮೇಲೆ, ನದಿ ಕೊಲ್ಲಾಪುರದಿಂದ ಹರಿದುಬರುವ ಕಡೆಯಲ್ಲೂ, ಮಣ್ಣಿನ ದಡವಿರುವಲ್ಲೆಲ್ಲ ಅದೇ ಗೆರೆ ಕಂಡರೆ ಪಟ್ಟಣದ ಮೇಲೆ ಅಪವಾದ ಹೊರಿಸಲು ಆಧಾರವಿಲ್ಲ. ಮೂರನೆಯದಾಗಿ ಎದುರು ದಡ. ಬೆರಕೆಯ ಗೆರೆ ಎರಡು ದಡಗಳಲ್ಲೂ ಒಂದೇ ಬಣ್ಣದ್ದಾಗಿರುತ್ತದೆ. ಒಂದು ದಡದಲ್ಲಿ ಕೆಂಪು, ಎದುರು ದಡದಲ್ಲಿ ಅದಕ್ಕೆ ವಿರುದ್ಧವಾದ ಛಾಯೆ ಕಂಡರೆ ಎರಡು ಚಿತ್ರಗಳು ಒಂದರ ಮೇಲೊಂದು ಸರಿಯಾಗಿ ಕೂಡಿಲ್ಲ, ಅರ್ಧ ಚೌಕದಷ್ಟಾದರೂ ಜರುಗಿವೆ ಎಂದು ಶಂಕಿಸಬೇಕು. ಕೊನೆಯ ಮಾತನ್ನು ಹೇಳಬೇಕಾದದ್ದು ತೀಕ್ಷ್ಣಗೊಳಿಸದ ಮೂಲಚಿತ್ರವೇ. ಅದರಲ್ಲಿ ನಡುನೀರಿನ ಚೌಕಗಳಿಗೆ ಕೆಂಪಿಲ್ಲದಿದ್ದರೆ ಉಪಗ್ರಹವು ಕೆಂಪು ನೀರನ್ನು ಕಂಡಿಲ್ಲ. ನದಿ ಶುದ್ಧವಾಗಿದೆ ಎಂದು ಇದರರ್ಥವಲ್ಲ. ಅದನ್ನು ನಿರ್ಣಯಿಸಲು ನೀರಿನ ಮಾದರಿ ಬೇಕು. ಸುಳ್ಳು ಸಾಕ್ಷಿಯೊಂದು ಬಯಲಾದಾಗ ನಿಜವಾದ ದೂರೂ ದುರ್ಬಲವಾಗುವುದರಿಂದ ಈ ಎಚ್ಚರ ನದಿಯ ಪರವಾಗಿ ಮಾತನಾಡುವವರಿಗೇ ಹೆಚ್ಚು ಅಗತ್ಯ.

ದಡದ ಲೆಕ್ಕಕ್ಕೆ ಮುಂಚೆಯೇ ಒಟ್ಟು ಚಿತ್ರದ ಬಣ್ಣ ಸಮತೂಕದಲ್ಲಿದೆಯೇ ಎಂಬುದನ್ನು ನೋಡಿಕೊಳ್ಳುವುದು ಒಳ್ಳೆಯದು. ಅದಕ್ಕೆ ಕೊಲ್ಲಾಪುರದ ರಂಕಾಳ ಕೆರೆ ಅನುಕೂಲವಾದ ಸ್ಥಳ. ಕೆರೆಯ ನಡುವೆ ಸುತ್ತಲೂ ನೀರೇ ಇರುವುದರಿಂದ ದೊಡ್ಡ ಚೌಕವೂ ಸಣ್ಣ ಚೌಕವೂ ಒಂದೇ ವಸ್ತುವನ್ನು ಕಾಣುತ್ತವೆ; ಗುಣಕ 1ರ ಹತ್ತಿರ ಇರಲೇಬೇಕು. ಇಲ್ಲದಿದ್ದರೆ ದೋಷ ಬೆರಕೆಯದಲ್ಲ, ಸಿದ್ಧತೆಯದು. ಹೊಸಬರು ಮಾಡುವ ತಪ್ಪೊಂದು ಇಲ್ಲಿ ಸಿಕ್ಕಿಬೀಳುತ್ತದೆ. ಲ್ಯಾಂಡ್‌ಸ್ಯಾಟ್ ಚಿತ್ರಗಳು ಎರಡು ಹಂತಗಳಲ್ಲಿ ದೊರೆಯುತ್ತವೆ. ಎರಡನೆಯ ಹಂತದ್ದರಲ್ಲಿ ಗಾಳಿಯ ಮಬ್ಬನ್ನು ಕಳೆದಿರುತ್ತಾರೆ, ಆದರೆ ಅದರಲ್ಲಿ ಸರ್ವವರ್ಣ ಪಟ್ಟಿ ಇರುವುದಿಲ್ಲ. ಮಬ್ಬು ಕಳೆದ ಬಣ್ಣವನ್ನು ಎರಡನೆಯ ಹಂತದಿಂದಲೂ ಮಬ್ಬಿರುವ ಸರ್ವವರ್ಣವನ್ನು ಮೊದಲನೆಯ ಹಂತದಿಂದಲೂ ತಂದು ಕೂಡಿಸಿದರೆ, ಸಂಖ್ಯೆಗಳ ಅಳತೆಗೋಲನ್ನು ಸರಿಹೊಂದಿಸಿದ ಮೇಲೂ ಕಪ್ಪಾದ ನೀರು ಬೆಳ್ಳಗೆ ಏರುತ್ತದೆ. ಮಬ್ಬಿನ ಪಾಲು ಹೆಚ್ಚು ಎದ್ದು ಕಾಣುವುದು ಕಪ್ಪಾದ ವಸ್ತುಗಳ ಮೇಲೆಯೇ. ಎರಡನ್ನೂ ಮೊದಲ ಹಂತದಿಂದಲೇ ತೆಗೆದುಕೊಳ್ಳುವುದು ಇದಕ್ಕೆ ಪರಿಹಾರ.

ಸರ್ವವರ್ಣ ಪಟ್ಟಿಯ ಬಾಗಿಲು ಎಲ್ಲಿಂದ ಎಲ್ಲಿಯವರೆಗೆ ತೆರೆದಿದೆ ಎಂಬುದೂ ಬಣ್ಣವನ್ನು ನಿರ್ಧರಿಸುತ್ತದೆ. ಬಾಬೂರಾವ್ ಪೇಂಟರ್ ಕೊಲ್ಲಾಪುರದಲ್ಲಿ ಮೂಕಚಿತ್ರಗಳನ್ನು ತೆಗೆಯುತ್ತಿದ್ದ ಕಾಲದಲ್ಲಿ ಚಲನಚಿತ್ರಲೋಕದಲ್ಲಿ ಸಾಮಾನ್ಯವಾಗಿದ್ದ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ. ಕೆಂಪು ತುಟಿ ತೆರೆಯ ಮೇಲೆ ಕಪ್ಪಾಗುತ್ತಿತ್ತು. ಆ ಕುರುಡನ್ನು ನೀಗಿದ ಫಿಲ್ಮಿಗೇ ಪ್ಯಾನ್‌ಕ್ರೊಮ್ಯಾಟಿಕ್ ಎಂಬ ಹೆಸರು ಬಂತು, ಉಪಗ್ರಹದವರು ಅದನ್ನೇ ಎತ್ತಿಕೊಂಡರು. ಉಪಗ್ರಹಗಳಲ್ಲಿ ಕೆಲವೊಮ್ಮೆ ಇದರ ವಿರುದ್ಧ ಸಂಗತಿ ನಡೆಯುತ್ತದೆ: ಮನುಷ್ಯನ ಕಣ್ಣಿಗೆ ಕಾಣದ್ದೂ ಅವುಗಳ ಸರ್ವವರ್ಣಕ್ಕೆ ಕಾಣುತ್ತದೆ. 1999ರಲ್ಲಿ ಹಾರಿದ ಲ್ಯಾಂಡ್‌ಸ್ಯಾಟ್ 7ರ ಸರ್ವವರ್ಣ ಪಟ್ಟಿ 520ರಿಂದ 900 ನ್ಯಾನೊಮೀಟರಿನವರೆಗೆ, ಎಂದರೆ ಅವಕೆಂಪಿನೊಳಗೂ ಚಾಚಿಕೊಂಡಿತ್ತು. ಹಸಿರೆಲೆ ಅವಕೆಂಪು ಬೆಳಕನ್ನು ಧಾರಾಳವಾಗಿ ಹಿಂದಿರುಗಿಸುತ್ತದೆ. ಆದ್ದರಿಂದ ಕಣ್ಣಿಗೆ ಮಣ್ಣಿಗಿಂತ ಕಪ್ಪಗೆ ಕಾಣುವ ಕಬ್ಬಿನ ಗದ್ದೆ ಆ ಸರ್ವವರ್ಣದಲ್ಲಿ ಮಣ್ಣಿನಷ್ಟೇ, ಕೆಲವೊಮ್ಮೆ ಮಣ್ಣಿಗಿಂತಲೂ ಹೊಳೆಯುತ್ತದೆ. ಅಂಥ ಪಟ್ಟಿಯಿಂದ ಸಹಜವರ್ಣದ ಚಿತ್ರವನ್ನು ತೀಕ್ಷ್ಣಗೊಳಿಸಿದರೆ ಪಂಚಗಂಗೆಯ ಕಣಿವೆಯಂಥ ಕಬ್ಬಿನ ಸೀಮೆ ಬಿಳಿಚಿಕೊಂಡು, ಬೆಳೆಗೆ ರೋಗ ತಗುಲಿದಂತೆ ಕಾಣುತ್ತದೆ. ಬೆಳೆಗೆ ಏನೂ ಆಗಿರುವುದಿಲ್ಲ. ಲ್ಯಾಂಡ್‌ಸ್ಯಾಟ್ 8ರಲ್ಲಿ ಬಾಗಿಲನ್ನು ಕಿರಿದು ಮಾಡಿದ್ದರಿಂದ ಈ ದೋಷ ತಪ್ಪಿತು. ಆದರೆ ಅದರೊಂದಿಗೆ ಇನ್ನೊಂದು ತೊಡಕು ಬಂತು. ಅದು ಕಾಣುವುದು ಗಡಹಿಂಗ್ಲಜದ ಹೊಲಗಳಲ್ಲಿ.

ಬೆಳೆಯ ಸೊಂಪನ್ನು ಅಳೆಯುವವರು ಎನ್‌ಡಿವಿಐ ಎಂಬ ಸೂಚ್ಯಂಕವನ್ನು ಬಳಸುತ್ತಾರೆ. ಅವಕೆಂಪಿನಿಂದ ಕೆಂಪನ್ನು ಕಳೆದು, ಅವೆರಡರ ಮೊತ್ತದಿಂದ ಭಾಗಿಸಿದರೆ ಅದು ಸಿಗುತ್ತದೆ. ಹಿರಣ್ಯಕೇಶಿಯ ಬಯಲಿನಲ್ಲಿ ನಿಂತ ಕಬ್ಬೂ ಪಕ್ಕದಲ್ಲೇ ಕಟಾವಾಗಿ ಬರಿದಾದ ನೆಲವೂ ಒಂದೇ ದೊಡ್ಡ ಚೌಕವನ್ನು ಸಮನಾಗಿ ಹಂಚಿಕೊಂಡಿವೆ ಎಂದುಕೊಳ್ಳೋಣ. ಕಬ್ಬಿಗೆ ಹಸಿರು 8, ಕೆಂಪು 4, ಅವಕೆಂಪು 44. ನೆಲಕ್ಕೆ ಹಸಿರು 10, ಕೆಂಪು 16, ಅವಕೆಂಪು 24. ನಿಜವಾದ ಸೂಚ್ಯಂಕ ಕಬ್ಬಿಗೆ 0.83, ನೆಲಕ್ಕೆ 0.20. ಬೆರೆತ ದೊಡ್ಡ ಚೌಕದಲ್ಲಿ ಕೆಂಪು 10, ಅವಕೆಂಪು 34, ಸೂಚ್ಯಂಕ 0.55. ಸರ್ವವರ್ಣಕ್ಕೆ ಕಬ್ಬು 6, ನೆಲ 13, ಸರಾಸರಿ 9.5. ಆದ್ದರಿಂದ ಕಬ್ಬಿನ ಗುಣಕ 0.63, ನೆಲದ್ದು 1.37.

ಈ ಗುಣಕಗಳಿಂದ ಅವಕೆಂಪನ್ನು ಗುಣಿಸಿದರೆ ಕಬ್ಬಿಗೆ ಸುಮಾರು 21, ನೆಲಕ್ಕೆ ಸುಮಾರು 47 ಬರುತ್ತದೆ. ನಿಜದಲ್ಲಿ ಕಬ್ಬು 44, ನೆಲ 24. ಕಬ್ಬಿನ ಹೊಳಪು ನೆಲಕ್ಕೂ ನೆಲದ ಹೊಳಪು ಕಬ್ಬಿಗೂ ಹೋಗಿ ಸೇರಿತು. ಸರ್ವವರ್ಣ ಪಟ್ಟಿಗೆ ಅವಕೆಂಪು ಕಾಣುವುದೇ ಇಲ್ಲ. ಕಬ್ಬು ಕಪ್ಪಗಿದೆ ಎಂದಷ್ಟೇ ಅದು ಹೇಳಬಲ್ಲದು. ಕಾಣದ ಪಟ್ಟಿಯ ಮೇಲೂ ಅದೇ ತೀರ್ಪನ್ನು ಹೇರಿದುದರ ಫಲ ಇದು. ಇನ್ನೂ ಕುತೂಹಲದ ಸಂಗತಿಯೆಂದರೆ ಸೂಚ್ಯಂಕದ ಗತಿ. ಕೆಂಪನ್ನೂ ಅವಕೆಂಪನ್ನೂ ಒಂದೇ ಸಂಖ್ಯೆಯಿಂದ ಗುಣಿಸಿರುವುದರಿಂದ, ಭಾಗಾಕಾರದಲ್ಲಿ ಆ ಸಂಖ್ಯೆ ಹೊಡೆದುಹೋಗುತ್ತದೆ. ಕಬ್ಬಿಗೂ 0.55, ನೆಲಕ್ಕೂ 0.55. ಚಿತ್ರದಲ್ಲಿ ಬದು ಗೆರೆ ಕೊರೆದಂತೆ ಕಾಣುತ್ತದೆ, ಸೂಚ್ಯಂಕದಲ್ಲಿ ಮಾತ್ರ ಬದುವೇ ಇಲ್ಲ. 15 ಮೀಟರಿನ ಎನ್‌ಡಿವಿಐ ಎಂದು ಹೆಸರಿಟ್ಟ ನಕ್ಷೆ ಬ್ರೋವಿ ವಿಧಾನದ್ದಾದರೆ, ಅದು 30 ಮೀಟರಿನದೇ ನಕ್ಷೆ.

ಗುಣಿಸುವ ಬದಲು ವ್ಯತ್ಯಾಸವನ್ನು ಕೂಡಿಸುವ ವಿಧಾನಗಳೂ ಇವೆ. ಅವುಗಳಲ್ಲಿ ಕಬ್ಬಿನ ಎಲ್ಲ ಪಟ್ಟಿಗಳಿಂದ 3.5 ಕಳೆಯಲಾಗುತ್ತದೆ, ನೆಲಕ್ಕೆ ಅಷ್ಟನ್ನೇ ಕೂಡಿಸಲಾಗುತ್ತದೆ. ಆಗ ಸೂಚ್ಯಂಕ ಕಬ್ಬಿಗೆ 0.65, ನೆಲಕ್ಕೆ 0.47 ಆಗಿ ಸರಿಯಾದ ದಿಕ್ಕಿನಲ್ಲಿ ಸರಿಯುತ್ತದೆ. ಇದನ್ನು ಕಂಡು ಹಿಗ್ಗಬೇಕಾಗಿಲ್ಲ. ಕಪ್ಪಾದದ್ದೆಲ್ಲದರ ಸೂಚ್ಯಂಕವನ್ನೂ ಈ ಲೆಕ್ಕ ಏರಿಸುತ್ತದೆ. ನೀರು ಹಾಯಿಸಿದ ಎರೆಹೊಲದಲ್ಲಿ ಒಂದೆಲೆಯೂ ಇಲ್ಲದೆ ಸೂಚ್ಯಂಕ ಏರುತ್ತದೆ. ಹುಣಸೆಮರದ ನೆರಳಿನಲ್ಲೂ ಏರುತ್ತದೆ.

ಇಂಥ ದೋಷಗಳನ್ನು ಕಣ್ಣಿಗೆ ಬಿಡದೆ ಸಂಖ್ಯೆಯಿಂದಲೇ ಹಿಡಿಯುವ ಉಪಾಯವೊಂದನ್ನು ಲೂಸಿಯೆನ್ ವಾಲ್ಡ್ ಮತ್ತು ಸಂಗಡಿಗರು 1997ರಲ್ಲಿ ಮುಂದಿಟ್ಟರು. 15 ಮೀಟರಿನ ನಿಜವಾದ ಬಣ್ಣ ಯಾರ ಬಳಿಯೂ ಇಲ್ಲ, ಹೋಲಿಸುವುದಾದರೂ ಯಾವುದರೊಡನೆ? ಅವರ ಉತ್ತರ: ಎಲ್ಲವನ್ನೂ ಒಂದು ಮೆಟ್ಟಿಲು ಕೆಳಗಿಳಿಸಬೇಕು. ಬಣ್ಣವನ್ನು 30ರಿಂದ 60 ಮೀಟರಿಗೆ, ಸರ್ವವರ್ಣವನ್ನು 15ರಿಂದ 30ಕ್ಕೆ ಒರಟುಗೊಳಿಸಿ, ಅವೆರಡನ್ನು ಕೂಡಿಸಿ 30 ಮೀಟರಿನ ಚಿತ್ರವನ್ನು ಕಟ್ಟಬೇಕು. ಈಗ ಹೋಲಿಸಲು ಉಪಗ್ರಹವೇ ಅಳೆದ 30 ಮೀಟರಿನ ಬಣ್ಣ ಕೈಯಲ್ಲಿದೆ. ಮೂಲದಲ್ಲಿ ಇಲ್ಲದ ಕೆಂಪು ಗೆರೆ ಕಟ್ಟಿದ ಚಿತ್ರದ ದಡದಲ್ಲಿ ಮೂಡಿದರೆ ವಿಧಾನವೇ ಅಪರಾಧಿ. ಮೊದಲು ಹೇಳಿದ ಸರಾಸರಿಯ ತಾಳೆಯಲ್ಲಿ ತಪ್ಪಿಸಿಕೊಂಡ ದೋಷ ಇಲ್ಲಿ ಸಿಗುತ್ತದೆ. ಬಣ್ಣದ ವಾಲುವಿಕೆಯನ್ನು ಕೋನವಾಗಿ ಅಳೆಯುವ ಪದ್ಧತಿಗೂ ಇದೇ ಮಾತು ಅನ್ವಯಿಸುತ್ತದೆ. ಹಿಗ್ಗಿಸಿದ ಒರಟು ಚಿತ್ರದೊಡನೆಯೇ ಹೋಲಿಸಿದರೆ ಬ್ರೋವಿಯ ಕೋನ ಸೊನ್ನೆ ಬರುತ್ತದೆ, ಏಕೆಂದರೆ ಅದು ಬಣ್ಣಕ್ಕೆ ಏನನ್ನೂ ಸೇರಿಸಿಲ್ಲ. ಸೊನ್ನೆಯನ್ನು ಪೂರ್ಣಾಂಕವೆಂದು ಭ್ರಮಿಸಬಾರದು.

ವಾಲ್ಡರ ಪರೀಕ್ಷೆಗೂ ಮಿತಿಯಿದೆ. 60ರಿಂದ 30ಕ್ಕೆ ಇಳಿಯುವಾಗ ಕಂಡ ದೋಷ 30ರಿಂದ 15ಕ್ಕೆ ಇಳಿಯುವಾಗಲೂ ಅಷ್ಟೇ ಇರುತ್ತದೆಂದು ಅದು ಭಾವಿಸುತ್ತದೆ. ಹೊಲಗಳು ದೊಡ್ಡದಾಗಿರುವ ದೇಶಗಳಲ್ಲಿ ಈ ಭಾವನೆ ನಡೆಯಬಹುದು. ಅಣ್ಣತಮ್ಮಂದಿರ ಪಾಲಿನಲ್ಲಿ ಹೊಲಗಳು ಹೋಳಾದ ಸೀಮೆಯಲ್ಲಿ ಹೊಲದ ಅಳತೆಯೂ ಚೌಕದ ಅಳತೆಯೂ ಸರಿಸಮಕ್ಕೆ ಬಂದಿರುತ್ತವೆ. 20 ಗುಂಟೆಯ ಚೌಕಾಕಾರದ ಹೊಲದ ಬದಿ ಸುಮಾರು 45 ಮೀಟರು. ಅದು ಉಪಗ್ರಹದ ಜಾಲರಿಗೆ ನೆಟ್ಟಗೆ ಹೊಂದಿಕೊಂಡಿದ್ದರೂ ಒಂದು ಇಡೀ 30 ಮೀಟರಿನ ಚೌಕ ಬೆರಕೆಯಿಲ್ಲದೆ ಅದರೊಳಗೆ ಬೀಳುವ ಸಂಭವ ನಾಲ್ಕರಲ್ಲಿ ಒಂದು. ಉಳಿದ ಮೂರು ಸಲ ಪ್ರತಿ ಚೌಕವೂ ನೆರೆಯವನ ಹೊಲವನ್ನು ಸೇರಿಸಿಕೊಂಡೇ ಇರುತ್ತದೆ.

ಆದ್ದರಿಂದ ಗಡಹಿಂಗ್ಲಜದಂಥ ಕಡೆ ತಿಳಿದವರು ಕೆಲಸವನ್ನು ಇಬ್ಭಾಗ ಮಾಡಿಕೊಳ್ಳುತ್ತಾರೆ. ಬದು, ಕಾಲುವೆ, ದಾರಿಗಳನ್ನು ಗುರುತಿಸಲು ತೀಕ್ಷ್ಣಗೊಂಡ ಚಿತ್ರವನ್ನು ಬಳಸುತ್ತಾರೆ. ಬೆಳೆಯ ಸೂಚ್ಯಂಕವನ್ನು ಮೂಲದ ಪಟ್ಟಿಗಳಿಂದಲೇ, ಪೂರ್ಣವಾಗಿ ಹೊಲದೊಳಗೆ ಬಿದ್ದ ಚೌಕಗಳಿಂದ ಮಾತ್ರ ತೆಗೆಯುತ್ತಾರೆ. ಅಂಥ ಚೌಕವೇ ಸಿಗದ ಹೊಲಗಳಿಗೆ 2015ರಿಂದ ಬೇರೊಂದು ದಾರಿ ತೆರೆದಿದೆ. ಆ ವರ್ಷ ಹಾರಿದ ಯುರೋಪಿನ ಸೆಂಟಿನೆಲ್-2ಎ ಉಪಗ್ರಹದಲ್ಲಿ ಸರ್ವವರ್ಣ ಪಟ್ಟಿಯೇ ಇಲ್ಲ. ಕೆಂಪನ್ನೂ ಅವಕೆಂಪನ್ನೂ ಅದು ನೇರವಾಗಿ 10 ಮೀಟರಿನ ಚೌಕಗಳಲ್ಲಿ ಅಳೆಯುತ್ತದೆ. ಆ ಚೌಕದ ವಿಸ್ತಾರ 100 ಚದರ ಮೀಟರು, ಎಂದರೆ ಹೆಚ್ಚುಕಡಿಮೆ ಒಂದು ಗುಂಟೆ.